ಕೈತಪ್ಪಿದ ವರದಿ

ಆಸ್ಪತ್ರೆಯ ಕಿಟಕಿಯ ಮುಂದೆ ನಿಂತು, ಒಳಗಿನಿಂದ ತಮ್ಮ ಹೆಸರು ಯಾವಾಗ ಕೇಳಿಬರುವುದೋ ಎಂದು ಕಾದ ಅನುಭವ ವಾಚಕರಲ್ಲಿ ಬಹುಮಂದಿಗೆ ಇದ್ದೇ ಇರುತ್ತದೆ. ಹೆಸರು ಕೂಗುತ್ತಾರೆ, ನಾವು ಕೈ ಚಾಚುತ್ತೇವೆ, ಒಂದು ಲಕೋಟೆ ಕೈಗೆ ಬರುತ್ತದೆ. ಈ ಕೊಡುಕೊಳ್ಳುವಿಕೆ ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷದಲ್ಲಿ ಏನು ಕೆಡಬಹುದು, ಕೆಟ್ಟರೆ ಯಾರನ್ನು ಏನೆಂದು ಕೇಳಬೇಕು ಎಂಬುದನ್ನು ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯ ಮೂಲಕ ತಮ್ಮ ಮುಂದಿಡಬೇಕೆಂದಿದ್ದೇನೆ.

ನನ್ನ ತಂಗಿಗೆ ನಲವತ್ತಾರು ವರ್ಷ. ಆಕೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳದಿರುವುದೇ ಈ ಲೇಖನದ ವಿಷಯವೆಂದರೂ ಸಲ್ಲುತ್ತದೆ. ಪ್ರತಿಯೊಂದು ಬೀದಿಯಲ್ಲಿಯೂ ಇಬ್ಬರು ಮೂವರಿಗೆ ಇರುವಂಥ ಹೆಸರು ಅದು ಎಂದರೆ ಸಾಕು. ಮನೆಯಲ್ಲಿ ಹಪ್ಪಳ, ಸಂಡಿಗೆ, ಚಟ್ನಿಪುಡಿಗಳನ್ನು ಮಾಡಿ ಹತ್ತಾರು ಮನೆಗಳಿಗೆ ಕೊಟ್ಟು ಜೀವನ ಸಾಗಿಸುತ್ತಾಳೆ. ಒಂದು ತಿಂಗಳಾದರೂ ಕೆಮ್ಮು ಬಿಡದಿದ್ದಾಗ ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಗೆ ತೋರಿಸಿದೆವು. ವೈದ್ಯರು ಎದೆಯ ಎಕ್ಸ್‌ರೇ ತೆಗೆಸಿ, ಕಫದ ಪರೀಕ್ಷೆಗೆ ಬರೆದುಕೊಟ್ಟು, ಮೂರನೆಯ ದಿನ ವರದಿ ತೆಗೆದುಕೊಂಡು ಬರುವಂತೆ ಹೇಳಿದರು.

ಮೂರನೆಯ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಆಕೆ ಕಿಟಕಿಯ ಬಳಿ ಹೋಗಿ ಹೆಸರು ಹೇಳಿದಳು. ಒಳಗಿದ್ದ ಹುಡುಗ ಪೆಟ್ಟಿಗೆಯಲ್ಲಿ ಹುಡುಕಿ ಒಂದು ಲಕೋಟೆಯನ್ನು ಕೊಟ್ಟ. ತೆರೆದು ನೋಡಿದರೆ ಹೆಸರು ಸರಿಯಾಗಿಯೇ ಇದೆ. ಆದರೆ ವಯಸ್ಸು ಎಪ್ಪತ್ತೊಂದು, ಪರೀಕ್ಷೆ ಸಕ್ಕರೆಯದು. "ಇದು ನನ್ನದಲ್ಲಪ್ಪ, ನಾನು ಕೊಟ್ಟದ್ದು ಕಫ, ಇದರಲ್ಲಿ ರಕ್ತದ ಲೆಕ್ಕ ಬರೆದಿದೆ" ಎಂದಳು. ಹುಡುಗ ಮತ್ತೊಮ್ಮೆ ಹುಡುಕಿ, "ಹಾಗಾದರೆ ನಿಮ್ಮದನ್ನು ಬೆಳಿಗ್ಗೆಯೇ ಕೊಟ್ಟಾಗಿದೆಯಮ್ಮ, ನಿಮ್ಮ ಮಗ ಬಂದು ತೆಗೆದುಕೊಂಡು ಹೋದರಲ್ಲ" ಎಂದ. ನನ್ನ ತಂಗಿಗೆ ಮಕ್ಕಳಿಲ್ಲ.

ನಡೆದದ್ದಿಷ್ಟು. ಅದೇ ಹೆಸರಿನ ಒಬ್ಬ ವೃದ್ಧೆಯ ಮಗ ತಾಯಿಯ ವರದಿಗಾಗಿ ಬೆಳಿಗ್ಗೆ ಬಂದಿದ್ದ. ಹೆಸರು ಕೂಗಿದರು, ಅವನು "ಹೂಂ" ಎಂದ, ಅಂಟಿಸದ ಲಕೋಟೆ ಅವನ ಕೈಗೆ ಬಂತು. ಬಸ್ ನಿಲ್ದಾಣದಲ್ಲಿ ಕುಳಿತು ತೆರೆದು ನೋಡಿದಾಗ ಅದರಲ್ಲಿ ಕ್ಷಯ ಎಂದಿತ್ತು. ತಾಯಿಗೆ ಕ್ಷಯವೇ ಎಂದು ಆ ಬಡಪಾಯಿಯ ಎದೆ ಒಡೆದಿರಬೇಕು. ಅನಂತರ ವಯಸ್ಸನ್ನು ನೋಡಿದ, ವಿಳಾಸವನ್ನೂ ನೋಡಿದ. ಅದು ನಮ್ಮ ಊರಿನದು, ಅವನದೂ ಅದೇ ಊರು! ಆಮೇಲೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ, ಕೆಟ್ಟ ಮನಸ್ಸಿನಿಂದಲ್ಲ, ಮರುಕದಿಂದಲೇ, "ಪಾಪ, ಆಯಮ್ಮನಿಗೆ ಹೀಗಂತೆ" ಎಂದ. ಸಂಜೆ ಐದರ ಬಸ್ಸಿಗೆ ನನ್ನ ತಂಗಿ ಊರು ತಲುಪುವ ಹೊತ್ತಿಗೆ, ಆಕೆಗೇ ಗೊತ್ತಿಲ್ಲದ ಆಕೆಯ ಕಾಯಿಲೆ ಬೀದಿಗೆಲ್ಲ ಗೊತ್ತಾಗಿತ್ತು. ಪಕ್ಕದ ಮನೆಯವರು "ಏನಮ್ಮಾ, ಕ್ಷಯವಂತೆ?" ಎಂದು ಬಾಗಿಲಲ್ಲಿ ನಿಂತು ಕೇಳಿದಾಗಲೇ ಆಕೆಗೆ ವಿಷಯ ತಿಳಿದದ್ದು. ಆ ವಾರ ಏಳು ಮನೆಗಳವರು ಹಪ್ಪಳ ಬೇಡವೆಂದು ಹೇಳಿಕಳುಹಿಸಿದರು.

ಕ್ಷಯವು ಹಪ್ಪಳದಿಂದ ಬರುವುದಿಲ್ಲ, ತಟ್ಟೆ ಲೋಟಗಳಿಂದಲೂ ಬರುವುದಿಲ್ಲ. ಶ್ವಾಸಕೋಶದ ಕ್ಷಯವಿರುವವರು ಕೆಮ್ಮಿದಾಗ ಗಾಳಿಗೆ ಸೇರುವ ಸೂಕ್ಷ್ಮ ಹನಿಗಳಿಂದ ಹರಡುತ್ತದೆ. ಸರಿಯಾದ ಔಷಧ ಆರಂಭಿಸಿದ ಎರಡು ಮೂರು ವಾರಗಳಲ್ಲಿ ಸಾಮಾನ್ಯವಾಗಿ ಇತರರಿಗೆ ಹರಡುವ ಭಯ ಬಹಳ ಮಟ್ಟಿಗೆ ತಗ್ಗುತ್ತದೆ. ಇದನ್ನೆಲ್ಲ ವೈದ್ಯರು ಆಕೆಗೆ ಮೊದಲು ಹೇಳಿ, ಆಕೆ ಹೇಳಬೇಕಾದವರಿಗೆ ತಾನೇ ಹೇಳಿಕೊಂಡಿದ್ದರೆ ಮಾತು ಬೇರೆಯಾಗುತ್ತಿತ್ತು. ಸುದ್ದಿ ಮುಂದೆ ಓಡಿತು, ತಿಳಿವಳಿಕೆ ಹಿಂದೆ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದವರಲ್ಲ.

ಈಗ ವಾಚಕರು ಗಮನಿಸಬೇಕಾದ ಒಂದು ಅಂಶವಿದೆ. ಇಲ್ಲಿ ಕೇವಲ ಗುಟ್ಟು ಹೊರಬಿದ್ದ ತಪ್ಪು ಮಾತ್ರ ನಡೆದಿಲ್ಲ. ಒಂದು ವರದಿ ತಪ್ಪು ಕೈಗೆ ಹೋಯಿತೆಂದರೆ, ಇನ್ನೊಂದು ವರದಿಯೂ ತಪ್ಪು ಕೈಗೆ ಹೋಗಲು ಸಿದ್ಧವಾಗಿ ಪೆಟ್ಟಿಗೆಯಲ್ಲಿ ಕುಳಿತಿದೆ ಎಂದೇ ಅರ್ಥ. ನನ್ನ ತಂಗಿ ವಯಸ್ಸನ್ನು ನೋಡದೆ ಆ ಎರಡನೆಯ ಲಕೋಟೆಯನ್ನು ಮನೆಗೆ ತಂದಿದ್ದರೆ, ಕ್ಷಯದ ಮಾತೇ ಇಲ್ಲದ ಹಾಳೆಯನ್ನು ನೋಡಿ ನೆಮ್ಮದಿಯಾಗಿ ಇರುತ್ತಿದ್ದಳು, ಕಾಯಿಲೆ ಬೆಳೆಯುತ್ತಿತ್ತು. ಅತ್ತ ಆ ಮಗ ವಯಸ್ಸನ್ನು ನೋಡದೆ ಇನ್ನೊಬ್ಬ ವೈದ್ಯರ ಬಳಿಗೆ ಓಡಿದ್ದರೆ, ಸಕ್ಕರೆ ಕಾಯಿಲೆಯ ಮುದುಕಿಗೆ ಕ್ಷಯದ ಮಾತ್ರೆಗಳು ಆರಂಭವಾಗುವ ಸಂಭವವೂ ಇತ್ತು. ಗೌಪ್ಯವನ್ನು ಕಾಯುವ ಎಚ್ಚರವೂ ಚಿಕಿತ್ಸೆಯನ್ನು ಕಾಯುವ ಎಚ್ಚರವೂ ಬೇರೆ ಬೇರೆಯಲ್ಲ, ಎರಡೂ ಒಂದೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತಪ್ಪು ಎಲ್ಲಿ ಆಯಿತು ಎಂಬುದನ್ನು ಈಗ ವಿಚಾರಿಸೋಣ. ಆಸ್ಪತ್ರೆಯಲ್ಲಿ ಮೊದಲ ದಿನ ಹೆಸರು ಬರೆಸಿದಾಗ ನಮಗೆ ಒಂದು ಸಂಖ್ಯೆಯನ್ನು ಕೊಡುತ್ತಾರೆ. ಚೀಟಿಯ ಮೇಲೆ, ಹಣ ಕಟ್ಟಿದ ರಸೀತಿಯ ಮೇಲೆ, ರಕ್ತ ಅಥವಾ ಕಫದ ಡಬ್ಬಿಗೆ ಅಂಟಿಸುವ ಪಟ್ಟಿಯ ಮೇಲೆ, ಕೊನೆಗೆ ವರದಿಯ ಮೇಲೆ, ಎಲ್ಲ ಕಡೆಯೂ ಅದೇ ಸಂಖ್ಯೆ ಬರುತ್ತದೆ. ಎಂದರೆ ಪ್ರಯೋಗಶಾಲೆಯ ಒಳಗೆ ಎಲ್ಲ ಕೆಲಸವೂ ಸಂಖ್ಯೆಯ ಆಧಾರದ ಮೇಲೆ ನಡೆಯುತ್ತದೆ. ನಮ್ಮ ಪ್ರಸಂಗದಲ್ಲಿಯೂ ಒಳಗಿನ ಕೆಲಸದಲ್ಲಿ ದೋಷವಿರಲಿಲ್ಲ. ಕಫ ಆಕೆಯದೇ, ಪರೀಕ್ಷೆ ಸರಿ, ಅಚ್ಚಾದ ಹಾಳೆಯೂ ಸರಿ. ಕಿಟಕಿಗೆ ಬಂದ ಕೂಡಲೆ ಮಾತ್ರ ಸಂಖ್ಯೆಯನ್ನು ಬಿಟ್ಟು ಹೆಸರನ್ನು ಹಿಡಿದರು. ಅಲ್ಲಿಯೇ ಸರಪಳಿ ಕಡಿಯಿತು.

ಹೆಸರು ಕೂಗಿ "ಹೌದೇ?" ಎಂದು ಕೇಳುವ ಪದ್ಧತಿಯೇ ದೋಷದ್ದು. ಆಸ್ಪತ್ರೆಯಲ್ಲಿ ಕಾದು ದಣಿದವನು, ಕಿವಿ ಮಂದವಾದವನು, ಗಾಬರಿಯಲ್ಲಿರುವವನು ಯಾವ ಹೆಸರಿಗಾದರೂ "ಹೌದು" ಎಂದುಬಿಡುತ್ತಾನೆ. ತರಗತಿಯಲ್ಲಿ ಹಾಜರಿ ಕರೆಯುವ ನಮಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಕೊಡುವವನು ಹೆಸರನ್ನು ತಾನು ಹೇಳಬಾರದು. ಬಂದವರ ಬಾಯಿಂದ ಹೇಳಿಸಬೇಕು. "ರೋಗಿಯ ಪೂರ್ಣ ಹೆಸರೇನು, ಹುಟ್ಟಿದ ದಿನ ಯಾವುದು?" ಎಂದು ಕೇಳಿ, ಉತ್ತರವನ್ನು ಹಾಳೆಯೊಡನೆ ತಾಳೆ ನೋಡಬೇಕು. ಹೆಸರೊಂದೇ ಸಾಲದು, ಕನಿಷ್ಠ ಎರಡು ಗುರುತುಗಳನ್ನು ನೋಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿಯೇ ಆಸ್ಪತ್ರೆಗಳಿಗೆ ಕೊಟ್ಟ ಸಲಹೆ. ಮಲಗಿರುವ ಕೋಣೆಯ ಸಂಖ್ಯೆಯನ್ನು ಗುರುತಾಗಿ ಬಳಸಬಾರದೆಂದೂ ಅದು ಹೇಳಿದೆ. ಏಕೆಂದರೆ ರೋಗಿಗಳು ಕೋಣೆಯಿಂದ ಕೋಣೆಗೆ ಬದಲಾಗುತ್ತಿರುತ್ತಾರೆ.

ರೋಗಿಯ ಮನೆಯ ಸುದ್ದಿಯನ್ನು ಹೊರಗೆ ಆಡಬಾರದೆಂಬ ನಿಯಮ ಹೊಸದಲ್ಲ, ಪರದೇಶದಿಂದ ಬಂದದ್ದೂ ಅಲ್ಲ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಗುರುವು ಶಿಷ್ಯನಿಗೆ ಮಾಡುವ ಉಪದೇಶವೊಂದಿದೆ. ರೋಗಿಯ ಮನೆಯನ್ನು ಹೊಕ್ಕ ವೈದ್ಯನು ಅಲ್ಲಿ ಕಂಡ ಸಂಗತಿಗಳನ್ನು ಹೊರಗೆ ಸಾರಬಾರದೆಂಬುದು ಅದರಲ್ಲಿ ಒಂದು ಮಾತು. ಇಂದಿನ ನಿಯಮವೂ ಅದನ್ನೇ ಹೇಳುತ್ತದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಹೊರಡಿಸಿದ ವೃತ್ತಿ ನಡತೆಯ ನಿಯಮಗಳ ಪ್ರಕಾರ, ಚಿಕಿತ್ಸೆಯ ಸಂದರ್ಭದಲ್ಲಿ ತಿಳಿದ ರೋಗಿಯ ಗುಟ್ಟನ್ನು ವೈದ್ಯನು ಹೊರಗೆಡಹುವಂತಿಲ್ಲ. ಖಾಸಗಿತನವು ಸಂವಿಧಾನವು ಕೊಟ್ಟ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ.

ಹಾಗೆಂದು ಈ ಹಕ್ಕಿಗೆ ಎಲ್ಲೆಯಿಲ್ಲವೆಂದು ತಿಳಿಯಬಾರದು. ಆ 2002ರ ನಿಯಮಗಳೇ ಮೂರು ಸಂದರ್ಭಗಳನ್ನು ಹೊರತುಪಡಿಸಿವೆ: ನ್ಯಾಯಾಧೀಶರು ಆಜ್ಞೆ ಮಾಡಿದಾಗ, ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಅಥವಾ ಸಮುದಾಯಕ್ಕೆ ಗಂಭೀರವಾದ ಅಪಾಯವಿರುವಾಗ, ಮತ್ತು ಸರಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಯಾಗಿದ್ದಾಗ. ಕ್ಷಯವು ಈ ಮೂರನೆಯ ವರ್ಗಕ್ಕೆ ಸೇರಿದ್ದು. 2012ರಿಂದ ಪ್ರತಿಯೊಂದು ಆಸ್ಪತ್ರೆಯೂ ತಾನು ಕಂಡ ಕ್ಷಯರೋಗಿಯ ವಿಷಯವನ್ನು ಆರೋಗ್ಯ ಇಲಾಖೆಗೆ ತಿಳಿಸತಕ್ಕದ್ದು. ಆದ್ದರಿಂದ ನನ್ನ ತಂಗಿಯ ಹೆಸರು ಇಲಾಖೆಯ ದಾಖಲೆಗೆ ಹೋದದ್ದು ನ್ಯಾಯವೇ. ಆರೋಗ್ಯ ಕಾರ್ಯಕರ್ತೆ ಮನೆಗೆ ಬಂದು, ಆರು ತಿಂಗಳು ಔಷಧ ಬಿಡದಂತೆ ಹೇಳಿ, ಜೊತೆಯಲ್ಲಿ ವಾಸಿಸುವವರನ್ನು ಪರೀಕ್ಷಿಸಿದ್ದೂ ನ್ಯಾಯವೇ. ಅದೇ ಸುದ್ದಿ ಕಾಫಿ ಹೋಟೆಲಿಗೆ ಹೋದದ್ದು ಅನ್ಯಾಯ. ಸುದ್ದಿ ಒಂದೇ; ಯಾರಿಗೆ, ಯಾವ ಕಾರಣಕ್ಕೆ ತಿಳಿಯಿತು ಎಂಬುದರಿಂದ ಅದು ರಕ್ಷಣೆಯೂ ಆಗುತ್ತದೆ, ಹಾನಿಯೂ ಆಗುತ್ತದೆ.

ಇನ್ನು ದೂರಿನ ವಿಷಯ. ಮೊದಲ ದಿನ ನನ್ನ ತಂಗಿ, "ಬಿಡಣ್ಣ, ಹೋದ ಮಾನ ಬಂದೀತೇ? ದೂರು ಕೊಟ್ಟರೆ ಇನ್ನೂ ನಾಲ್ಕು ಜನಕ್ಕೆ ಗೊತ್ತಾಗುತ್ತದೆ" ಎಂದಳು. ಆ ಮಾತಿನಲ್ಲಿ ಸತ್ಯವಿತ್ತು. ಗೌಪ್ಯ ಕೆಟ್ಟ ಬಗ್ಗೆ ದೂರು ಬರೆಯುವಾಗ ಮೊದಲ ಎಚ್ಚರವೆಂದರೆ ದೂರೇ ಗುಟ್ಟನ್ನು ಹೊರಗೆಡಹದಂತೆ ನೋಡಿಕೊಳ್ಳುವುದು. ಆದ್ದರಿಂದ ನಾವು ಪತ್ರದಲ್ಲಿ ಕಾಯಿಲೆಯ ಹೆಸರನ್ನೇ ಬರೆಯಲಿಲ್ಲ. "ಈ ಸಂಖ್ಯೆಯ ರಸೀತಿಗೆ ಸೇರಿದ ವರದಿ" ಎಂದಷ್ಟೇ ಬರೆದು, ಮುಚ್ಚಿದ ಲಕೋಟೆಯಲ್ಲಿ, ವೈದ್ಯಕೀಯ ಅಧೀಕ್ಷಕರ ಹೆಸರಿಗೆ, ಅವರೇ ತೆರೆಯಬೇಕೆಂದು ಸೂಚಿಸಿ ಕೊಟ್ಟೆವು. ಒಂದು ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಂಡೆವು. ಮೊಹರಿಲ್ಲದ ದೂರು ಗಾಳಿಗೆ ಹೇಳಿದ ಮಾತಿನಂತೆ. ನಾಳೆ ಕೊಟ್ಟಿಲ್ಲವೆಂದರೆ ತೋರಿಸಲು ಏನೂ ಇರುವುದಿಲ್ಲ.

ಪತ್ರದ ಮೊದಲ ಭಾಗದಲ್ಲಿ ನಡೆದದ್ದನ್ನು ಮಾತ್ರ, ತಾರೀಖು ಮತ್ತು ಗಂಟೆಯೊಡನೆ ಬರೆದೆವು. ಯಾವ ದಿನ ಪರೀಕ್ಷೆಗೆ ಕೊಟ್ಟದ್ದು, ಯಾವ ಹೊತ್ತಿಗೆ ಹೋದದ್ದು, ಕಿಟಕಿಯಲ್ಲಿ ಏನು ಹೇಳಿದರು, ಯಾರ ವರದಿಯನ್ನು ಕೊಡಲು ಬಂದರು. "ನಿಮ್ಮ ಆಸ್ಪತ್ರೆಯವರು ಮನುಷ್ಯರೇ ಅಲ್ಲ" ಎಂಬಂಥ ಮಾತುಗಳನ್ನು ಮೊದಲ ಕರಡಿನಲ್ಲಿ ನಾನೇ ಬರೆದಿದ್ದೆ; ಆಮೇಲೆ ಹೊಡೆದು ಹಾಕಿದೆ. ಬೈಗುಳಕ್ಕೆ ಉತ್ತರವಾಗಿ ಕ್ಷಮಾಪಣೆ ಬರುತ್ತದೆ, ಅಲ್ಲಿಗೆ ಕಡತ ಮುಚ್ಚುತ್ತದೆ. ಸಂಗತಿಗೆ ಮಾತ್ರ ಉತ್ತರವನ್ನು ಕೊಡಲೇಬೇಕಾಗುತ್ತದೆ.

ಎರಡನೆಯ ಭಾಗದಲ್ಲಿ ನಮ್ಮ ಬೇಡಿಕೆಗಳನ್ನು ಬರೆದೆವು. ತಪ್ಪಾಗಿ ಹೋದ ವರದಿಯನ್ನು ಆಸ್ಪತ್ರೆಯವರೇ ಹಿಂದಕ್ಕೆ ಪಡೆಯಬೇಕು; ಅದರ ಪ್ರತಿಯಾಗಲಿ, ಮೊಬೈಲಿನಲ್ಲಿ ತೆಗೆದ ಚಿತ್ರವಾಗಲಿ ಉಳಿದಿಲ್ಲವೆಂದು ಪಡೆದವರಿಂದ ಬರೆಸಿಕೊಳ್ಳಬೇಕು. ಆ ವೃದ್ಧೆಗೆ ಆಕೆಯ ಸರಿಯಾದ ವರದಿ ತಲುಪಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಇವು ನಡೆದ ತಪ್ಪಿಗೆ. ಮುಂದಕ್ಕಾಗಿ ಕೇಳಿದ್ದು ನಾಲ್ಕು: ವರದಿಯನ್ನು ರಸೀತಿ ನೋಡಿ, ಹೆಸರಿನ ಜೊತೆಗೆ ಇನ್ನೊಂದು ಗುರುತನ್ನು ಬಂದವರ ಬಾಯಿಂದ ಹೇಳಿಸಿ ಕೊಡಬೇಕು, ಲಕೋಟೆಯನ್ನು ಅಂಟಿಸಿರಬೇಕು, ಬೇರೆಯವರು ಬಂದರೆ ರೋಗಿಯ ಸಹಿಯಿರುವ ಅಧಿಕಾರಪತ್ರವನ್ನು ಕೇಳಬೇಕು, ತೆಗೆದುಕೊಂಡವರ ಹೆಸರು, ರೋಗಿಗೆ ಅವರ ಸಂಬಂಧ, ಸಹಿ, ಗಂಟೆ ಇವನ್ನು ಒಂದು ಪುಸ್ತಕದಲ್ಲಿ ಬರೆಸಬೇಕು. ಕೊನೆಯಲ್ಲಿ ಒಂದು ಸಾಲು ಸೇರಿಸಿದೆವು: ಕಿಟಕಿಯ ಹುಡುಗನನ್ನು ಕೆಲಸದಿಂದ ತೆಗೆಯುವುದು ನಮ್ಮ ಬೇಡಿಕೆಯಲ್ಲ. ಅವನು ಹೋದರೆ ಇನ್ನೊಬ್ಬ ಬರುತ್ತಾನೆ, ಅವನೂ ಹೆಸರನ್ನೇ ಕೂಗುತ್ತಾನೆ.

ಅಧೀಕ್ಷಕರು ಹದಿನಾಲ್ಕನೆಯ ದಿನ ನಮ್ಮನ್ನು ಕರೆಸಿ ಮಾತನಾಡಿದರು. ವರದಿ ಹಿಂದಕ್ಕೆ ಬಂದಿತ್ತು. ಆ ಮಗನೇ ತಂದುಕೊಟ್ಟು, ತಪ್ಪಾಯಿತೆಂದು ಬರೆದುಕೊಟ್ಟಿದ್ದ. ರಸೀತಿಯನ್ನು ನೋಡುವ ಪದ್ಧತಿಯೂ ಅಂಟಿಸಿದ ಲಕೋಟೆಯೂ ಅಂದಿನಿಂದಲೇ ಜಾರಿಗೆ ಬಂದವು, ಪುಸ್ತಕವನ್ನೂ ಇಟ್ಟರು. ಅಧಿಕಾರಪತ್ರಕ್ಕೆ ಮಾತ್ರ ಅವರು ಒಪ್ಪಲಿಲ್ಲ. "ಮೇಷ್ಟ್ರೇ, ಹಳ್ಳಿಯಿಂದ ಬರುವವರಲ್ಲಿ ಅರ್ಧ ಜನಕ್ಕೆ ವರದಿಯನ್ನು ಮಗನೋ ಅಳಿಯನೋ ತೆಗೆದುಕೊಂಡು ಹೋಗಬೇಕು. ಹಾಸಿಗೆ ಹಿಡಿದ ಅಜ್ಜಿಯ ಹತ್ತಿರ ಪತ್ರ ತನ್ನಿ ಎಂದು ಮೂವತ್ತು ಮೈಲಿ ಹಿಂದಕ್ಕೆ ಕಳುಹಿಸಲೇ?" ಎಂದು ಕೇಳಿದರು. ಅದೂ ವಿಚಾರಮಾಡಬೇಕಾದ ಮಾತೇ. ಮಾತಾಡಿ ಒಂದು ದಾರಿ ಕಂಡುಕೊಂಡೆವು. ಪರೀಕ್ಷೆಗೆ ಕೊಡುವ ದಿನವೇ ರೋಗಿಯನ್ನು "ನಿಮ್ಮ ವರದಿಯನ್ನು ಯಾರಿಗೆ ಕೊಡಬಹುದು?" ಎಂದು ಕೇಳಿ, ಆ ಹೆಸರನ್ನು ರಸೀತಿಯ ಮೇಲೆಯೇ ಬರೆಯುವುದು. ಯಾರಿಗೂ ಬೇಡವೆಂದರೆ "ಸ್ವತಃ" ಎಂದು ಬರೆಯುವುದು. ಇದಕ್ಕೆ ಹಿಡಿಯುವುದು ಒಂದು ನಿಮಿಷ. ಗಂಡನಿಗೆ ಹೇಳಬಹುದು, ಅತ್ತೆಗೆ ಬೇಡ ಎನ್ನುವ ಸೊಸೆಯೂ ನಮ್ಮ ಮನೆಗಳಲ್ಲಿ ಇರುತ್ತಾಳೆ. ಅವಳ ಮಾತಿಗೂ ಆ ಒಂದು ನಿಮಿಷದಲ್ಲಿ ಸ್ಥಳ ದೊರೆಯುತ್ತದೆ.

ಆಸ್ಪತ್ರೆಯವರು ಪತ್ರಕ್ಕೆ ಉತ್ತರವನ್ನೇ ಕೊಡದಿದ್ದರೆ ಏನು ಮಾಡಬೇಕು? ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆಗಳಿಗಾಗಿ 2007ರ ಕಾಯಿದೆಯೊಂದಿದೆ. ಅನಂತರದ ತಿದ್ದುಪಡಿಯಂತೆ ಪ್ರತಿ ಜಿಲ್ಲೆಯಲ್ಲಿಯೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರವಿರುತ್ತದೆ. ಅಲ್ಲಿಗೆ ದೂರು ಕೊಡಬಹುದು. ಸರಕಾರಿ ಆಸ್ಪತ್ರೆಯಾದರೆ ಅಲ್ಲಿನ ಮುಖ್ಯ ವೈದ್ಯಾಧಿಕಾರಿಗೆ, ಅವರ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಬೇಕು. ಗುಟ್ಟನ್ನು ಹೊರಗೆಡಹಿದವರು ಸ್ವತಃ ವೈದ್ಯರೇ ಆಗಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತು ವಿಚಾರಿಸಬಲ್ಲುದು. ಕಿಟಕಿಯ ಗುಮಾಸ್ತನ ತಪ್ಪನ್ನು ಅಲ್ಲಿಗೆ ಒಯ್ದರೆ ಪ್ರಯೋಜನವಿಲ್ಲ, ಅದಕ್ಕೆ ಆಸ್ಪತ್ರೆಯ ಆಡಳಿತವೇ ಹೊಣೆ. ನಷ್ಟ ಪರಿಹಾರ ಬೇಕೆನ್ನುವವರು, ಹಣ ಕೊಟ್ಟು ಪಡೆದ ಸೇವೆಯಾಗಿದ್ದರೆ, ಎರಡು ವರ್ಷಗಳ ಒಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಯಾವ ಬಾಗಿಲಿಗೆ ಹೋದರೂ ಮೊದಲು ಕೇಳುವುದು ಆ ಮೊಹರು ಬಿದ್ದ ಪ್ರತಿಯನ್ನೇ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಗೌಪ್ಯದ ನೆಪ ಹೇಳಿ ರೋಗಿಗೇ ಅವನ ದಾಖಲೆಯನ್ನು ಕೊಡದಿರುವ ಆಸ್ಪತ್ರೆಗಳೂ ಉಂಟು. ಅದು ಸಲ್ಲದು. ರೋಗಿಯಾಗಲಿ, ಅವನು ಅಧಿಕಾರ ಕೊಟ್ಟವರಾಗಲಿ ಕೇಳಿದರೆ ವೈದ್ಯಕೀಯ ದಾಖಲೆಗಳನ್ನು 72 ಗಂಟೆಗಳ ಒಳಗೆ ಕೊಡಬೇಕೆಂದು ಅದೇ 2002ರ ನಿಯಮಗಳು ಹೇಳುತ್ತವೆ. ಬಾಗಿಲಿಗೆ ಬೀಗ ಬೇಕು, ನಿಜ. ಆದರೆ ಕೀಲಿಕೈ ಮನೆಯ ಯಜಮಾನನ ಕೈಯಲ್ಲಿರಬೇಕು.

ಈಗೀಗ ಕಿಟಕಿಯ ಬದಲು ಮೊಬೈಲಿಗೇ ವರದಿ ಬರುವ ವಾಡಿಕೆ ಬೆಳೆದಿದೆ. ಇಲ್ಲಿ ತಪ್ಪು ಕೈ ಎಂದರೆ ತಪ್ಪಿದ ಒಂದು ಅಂಕಿ. ಹತ್ತು ಅಂಕಿಗಳಲ್ಲಿ ಒಂದು ಬದಲಾದರೂ ವರದಿ ಕಾಣದ ಊರಿನ ಕಾಣದ ಮನುಷ್ಯನಿಗೆ ಹೋಗುತ್ತದೆ. ಹೆಸರು ಬರೆಸುವಾಗ, ಗುಮಾಸ್ತರು ಬರೆದುಕೊಂಡ ಸಂಖ್ಯೆಯನ್ನು ಅವರಿಂದಲೇ ಒಮ್ಮೆ ಓದಿಸಿ ಕೇಳಿರಿ. ಮನೆಯವರೆಲ್ಲ ಬಳಸುವ ಫೋನಾದರೆ, ಕಾಗದದಲ್ಲಿಯೇ ಕೊಡಿರೆಂದು ಹೇಳಿರಿ.

ಕಿಟಕಿಯ ಈಚೆಗೆ ನಿಂತ ನಮ್ಮ ಕೆಲಸವೂ ಒಂದಿದೆ. ವರದಿ ಕೈಗೆ ಬಂದೊಡನೆ, ಕಿಟಕಿಯನ್ನು ಬಿಡುವ ಮೊದಲೇ, ಮೇಲಿನ ನಾಲ್ಕು ಸಾಲುಗಳನ್ನು ಓದಿರಿ: ಹೆಸರು, ವಯಸ್ಸು, ಆಸ್ಪತ್ರೆಯ ಸಂಖ್ಯೆ, ಪರೀಕ್ಷೆಗೆ ಕೊಟ್ಟ ತಾರೀಖು. ಸಂಖ್ಯೆ ನಿಮ್ಮ ರಸೀತಿಯೊಡನೆ ತಾಳೆಯಾಗದಿದ್ದರೆ ಕೆಳಗಿನ ಸಾಲುಗಳಿಗೆ ಕಣ್ಣು ಹಾಯಿಸದೆ ಹಾಳೆಯನ್ನು ಮಡಿಸಿ ಹಿಂದಕ್ಕೆ ಕೊಡಿರಿ. ಕೆಳಗೆ ಬರೆದಿರುವುದು ಇನ್ನೊಬ್ಬರ ಮನೆಯ ಸಂಗತಿ. ಅಕಸ್ಮಾತ್ ಓದಿದ್ದಾದರೆ, ಅದು ನಿಮ್ಮಲ್ಲಿಯೇ ನಿಲ್ಲಲಿ.

ನನ್ನ ತಂಗಿ ಆರು ತಿಂಗಳ ಔಷಧವನ್ನು ಮುಗಿಸಿ ಗುಣವಾಗಿದ್ದಾಳೆ. ಬಿಟ್ಟುಹೋದ ಏಳು ಮನೆಗಳಲ್ಲಿ ನಾಲ್ಕು ಹಿಂದಕ್ಕೆ ಬಂದಿವೆ, ಮೂರು ಬಂದಿಲ್ಲ. ಆ ಮಗ ಒಂದು ಸಂಜೆ ಮನೆಗೆ ಬಂದು, ಬಾಗಿಲಲ್ಲೇ ನಿಂತು, "ಅಕ್ಕಾ, ನಮ್ಮ ಮನೆಗೆ ಎರಡು ಕಟ್ಟು ಹಪ್ಪಳ ಬೇಕಿತ್ತು" ಎಂದ. ಆಕೆ ಮೂರು ಕಟ್ಟು ಕೊಟ್ಟು, ಎರಡಕ್ಕೆ ದುಡ್ಡು ತೆಗೆದುಕೊಂಡಳು.